ಟೊಮೆಟೊ ಕೊನೆಗೆ ಹಾಕು ಮಾರಾಯ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ನೆನಪಾದಾಗಲೆಲ್ಲ ನಗು ಬರುತ್ತಿದೆ. "ಸೂಪ್ ಮಾಡಿದ್ದೆ ಕಣೋ, ತರಕಾರಿ ತೊಳೆದ ನೀರು ಕುಡಿದ ಹಾಗಿತ್ತು" ಅಂದೆಯಲ್ಲ. ಹೇಗೆ ಮಾಡಿದೆ ಅಂತ ಕೇಳಿದರೆ, ಇದ್ದಬದ್ದ ತರಕಾರಿ ಎಲ್ಲ ಹೆಚ್ಚಿ, ಟೊಮೆಟೊನೂ ಸೇರಿಸಿ, ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿದೆ, ಆಮೇಲೆ ಉಪ್ಪು ಕಾಳುಮೆಣಸು ಹಾಕಿದೆ ಅಂದೆ. ಪುಣೆಯಲ್ಲಿ ಒಬ್ಬನೇ ಇದ್ದೀಯ, ಮಳೆ ಬೇರೆ ಹಿಡಿದಿದೆ. ಬಿಸಿಬಿಸಿ ಒಂದು ಬಟ್ಟಲು ಸೂಪ್ ಕುಡಿಯುವ ಆಸೆ ತಪ್ಪಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ ಅಂತ ಬರೆದೇ ಕಳಿಸುತ್ತಿದ್ದೇನೆ.

ನೀನು ಮಾಡಿದ್ದು ಸಾರು ಮಾಡುವ ಕ್ರಮ. ನಮ್ಮ ಸಾರಿಗೆ ರುಚಿ ಕೊನೆಯಲ್ಲಿ ಬರುತ್ತದೆ, ಅಲ್ವಾ? ಬೇಳೆ ಬೆಂದಿರುತ್ತದೆ, ಆಮೇಲೆ ಸಾರಿನ ಪುಡಿ, ಹುಳಿ, ಕಡೆಗೆ ಇಂಗು ಕರಿಬೇವಿನ ಒಗ್ಗರಣೆ. ಸೂಪಿಗೆ ಪುಡಿಯೂ ಇಲ್ಲ, ಒಗ್ಗರಣೆಯೂ ಇಲ್ಲ. ಅದರ ರುಚಿಯೆಲ್ಲ ನೀರು ಹಾಕುವ ಮೊದಲು, ಬೆಣ್ಣೆಯಲ್ಲಿ ತರಕಾರಿ ಬಾಡುವಾಗ ಹುಟ್ಟಬೇಕು. ಆ ಹದಿನೈದು ನಿಮಿಷ ನೀನು ಬಿಟ್ಟುಬಿಟ್ಟೆ. ಕುಕ್ಕರ್ ತಪ್ಪು ಅಂತಲ್ಲ, ಆದರೆ ಬಾಡಿಸದೆ ಕೂಗಿಸಿದರೆ ಬೆಂದ ತರಕಾರಿ ಸಿಗುತ್ತದೆ, ಸೂಪ್ ಸಿಗುವುದಿಲ್ಲ.

ಸಾಮಾನು ಇಷ್ಟು ಸಾಕು. ಎರಡು ಮಧ್ಯಮ ಗಾತ್ರದ ಈರುಳ್ಳಿ, ಎರಡು ಕ್ಯಾರೆಟ್, ಒಂದು ಆಲೂಗಡ್ಡೆ, ಹತ್ತು ಹನ್ನೆರಡು ಬೀನ್ಸ್, ಒಂದು ಹಿಡಿ ಹೆಚ್ಚಿದ ಎಲೆಕೋಸು, ಎರಡು ಟೊಮೆಟೊ, ಐದು ಎಸಳು ಬೆಳ್ಳುಳ್ಳಿ. ಒಂದು ದೊಡ್ಡ ಚಮಚ ಬೆಣ್ಣೆ, ಅದರ ಜೊತೆ ಒಂದು ಚಮಚ ಎಣ್ಣೆ. ಸುಮಾರು 1¼ ಲೀಟರ್ ನೀರು. ನಾಲ್ಕು ಬಟ್ಟಲು ಆಗುತ್ತದೆ. ನಿನಗೆ ರಾತ್ರಿಗೂ ಮಾರನೇ ದಿನಕ್ಕೂ ಆಯಿತು. ಕ್ಯಾರೆಟ್, ಆಲೂಗಡ್ಡೆ ಎರಡನ್ನೂ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ಒಂದೇ ಅಳತೆಗೆ ಹೆಚ್ಚು. ಒಂದು ದಪ್ಪ ಒಂದು ಸಣ್ಣ ಆದರೆ ಒಂದು ಕರಗುವ ಹೊತ್ತಿಗೆ ಇನ್ನೊಂದು ಕಚ್ಚಬೇಕಾಗುತ್ತದೆ. ಆಲೂಗಡ್ಡೆ ಕಪ್ಪಾಗದ ಹಾಗೆ ನೀರಿನಲ್ಲಿ ಹಾಕಿಡು.

ತಳ ದಪ್ಪ ಇರುವ ಪಾತ್ರೆ ತಗೋ. ಬೆಣ್ಣೆ, ಎಣ್ಣೆ ಕಾದ ಕೂಡಲೇ ಈರುಳ್ಳಿ ಹಾಕಿ, ಮೇಲೆ ಕಾಲು ಚಮಚ ಉಪ್ಪು ಉದುರಿಸು. ಈ ಉಪ್ಪು ರುಚಿಗಿಂತ ಹೆಚ್ಚಾಗಿ ಈರುಳ್ಳಿಯ ನೀರು ಬಿಡಿಸುವುದಕ್ಕೆ. ನೀರು ಬಿಟ್ಟ ಈರುಳ್ಳಿ ಬೇಗ ಮೆತ್ತಗಾಗುತ್ತದೆ, ಸುಲಭಕ್ಕೆ ಕೆಂಪಾಗುವುದಿಲ್ಲ. ನಮಗೆ ಈರುಳ್ಳಿ ಎಂದರೆ ಹೊಂಬಣ್ಣ ಬರುವವರೆಗೆ ಹುರಿಯುವ ಅಭ್ಯಾಸ. ಇಲ್ಲಿ ಬೇಡ. ಉರಿ ಸಣ್ಣದಿರಲಿ, ಎಂಟು ಹತ್ತು ನಿಮಿಷ ಕೊಡು. ಬಿಳುಪು ಹೋಗಿ ಗಾಜಿನ ಹಾಗೆ ಕಾಣಬೇಕು, ಘಾಟು ಹೋಗಿ ಸಿಹಿ ವಾಸನೆ ಬರಬೇಕು. ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ನೀರು ಇರುವ ತನಕ ಮೆಲ್ಲಗೆ ಚುರುಚುರು ಅನ್ನುತ್ತಿರುತ್ತದೆ. ಸದ್ದು ಚಟಪಟ ಎಂದು ಚುರುಕಾದರೆ ನೀರು ಮುಗಿಯಿತು, ಇನ್ನು ಕೆಂಪಾಗಲು ಶುರು ಅಂತ ಅರ್ಥ. ಆಗ ಒಂದು ಚಮಚ ನೀರು ಚಿಮುಕಿಸಿ ಕೈಯಾಡಿಸು.

ಆಮೇಲೆ ಕ್ಯಾರೆಟ್. ಐದು ನಿಮಿಷ ಬಾಡಿಸು. ಬೆಣ್ಣೆ ನೋಡನೋಡುತ್ತಾ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಕ್ಯಾರೆಟ್ಟಿನ ಬಣ್ಣ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಮೊನ್ನೆಯ ನಿನ್ನ ಸೂಪ್ ಅಷ್ಟು ಬಿಳಚಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಬೆಳ್ಳುಳ್ಳಿ ಮೂರನೆಯದು. ಮೊದಲೇ ಹಾಕುವ ಆಸೆ ಆಗುತ್ತದೆ, ಹಾಕಬೇಡ. ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಗೆ ಒಂದು ನಿಮಿಷ ಸಾಕು, ಘಮ ಬಂದರೆ ಆಯಿತು. ಈರುಳ್ಳಿಯ ಜೊತೆಗೇ ಹಾಕಿದರೆ ಹದಿನೈದು ನಿಮಿಷ ಕಾದು ಕಂದಾಗುತ್ತದೆ. ಆ ಕಹಿ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಕೊತ್ತಂಬರಿ ಸೊಪ್ಪಿನ ದಂಟು ಇದ್ದರೆ ನಾಲ್ಕು ದಂಟು ಸಣ್ಣಗೆ ಹೆಚ್ಚಿ ಈಗಲೇ ಹಾಕು. ಪಾಶ್ಚಾತ್ಯರ ಸೂಪಿಗೆ ಈ ಜಾಗದಲ್ಲಿ ಸೆಲರಿ ಬೀಳುತ್ತದೆ. ನಮ್ಮ ಸಂತೆಯಲ್ಲಿ ಅದು ಕಾಣುವುದಿಲ್ಲ, ನನಗೆ ಅದರ ಕೊರತೆಯೂ ಕಂಡಿಲ್ಲ. ಇನ್ನೊಂದು ಮಾತು. ಅವರು ಹಾಕುವ 'ಬೇ ಲೀಫ್' ನಮ್ಮ ಪಲಾವ್ ಎಲೆ ಅಲ್ಲ. ನಮ್ಮದು ಚಕ್ಕೆಯ ಜಾತಿಯದು. ನಾನು ಒಮ್ಮೆ ಎರಡು ಎಲೆ ಹಾಕಿ, ಸೂಪ್ ಕುಡಿಯುತ್ತಾ ಪಲಾವ್ ಎಲ್ಲಿ ಅಂತ ಹುಡುಕುವ ಹಾಗಾಗಿತ್ತು. ಬಿಟ್ಟರೆ ನಷ್ಟವಿಲ್ಲ.

ಈಗ ಆಲೂಗಡ್ಡೆ ಹಾಕಿ ಒಮ್ಮೆ ತಿರುವಿ, ಬಿಸಿ ನೀರು ಸುರಿ. ತಣ್ಣೀರು ಹಾಕಿದರೆ ಕೆಡುವುದೇನೂ ಇಲ್ಲ, ಕುದಿ ಬರಲು ಸುಮ್ನೆ ಹೊತ್ತು ಹೋಗುತ್ತದೆ ಅಷ್ಟೇ. ನೀರಿನ ಜೊತೆ ಮುಕ್ಕಾಲು ಚಮಚ ಉಪ್ಪು ಹಾಕು. ತರಕಾರಿ ಬೇಯುವಾಗಲೇ ಉಪ್ಪು ಒಳಗೆ ಹೋಗಬೇಕು. ಎಲ್ಲವನ್ನೂ ಕೊನೆಗೆ ಹಾಕಿದರೆ ನೀರು ಉಪ್ಪು, ಹೋಳು ಸಪ್ಪೆ.

ಕುದಿ ಬಂದ ಕೂಡಲೇ ಉರಿ ತಗ್ಗಿಸು. ಅನ್ನಕ್ಕೆ ಇಟ್ಟ ಎಸರಿನ ಹಾಗೆ ಕೊತಕೊತ ಕುದಿಯಬಾರದು. ಪಾತ್ರೆಯ ಅಂಚಿನಲ್ಲಿ ಗುಳ್ಳೆ ಒಂದೊಂದಾಗಿ ಎದ್ದು ಒಡೆಯುತ್ತಿರಬೇಕು. ಜೋರಾಗಿ ಕುದಿಸಿದರೆ ಹೋಳುಗಳು ಒಂದಕ್ಕೊಂದು ತಾಗಿ ಅಂಚು ಸವೆಯುತ್ತವೆ, ಸೂಪ್ ಮಡ್ಡಿಯಾಗುತ್ತದೆ, ಒಳಗೆ ಮಾತ್ರ ಇನ್ನೂ ಗಟ್ಟಿ ಇರುತ್ತದೆ. ಮುಚ್ಚಳ ಓರೆಯಾಗಿಡು. ಹತ್ತು ನಿಮಿಷಕ್ಕೆ ಬೀನ್ಸ್ ಹಾಕು, ಹದಿನೈದು ನಿಮಿಷಕ್ಕೆ ಎಲೆಕೋಸು. ಎಲೆಕೋಸನ್ನು ಮೊದಲೇ ಹಾಕಿ ಅರ್ಧ ಗಂಟೆ ಬೇಯಿಸಿದರೆ ಮನೆಯೆಲ್ಲ ಗಬ್ಬು ವಾಸನೆ. ನಮ್ಮ ಹಾಸ್ಟೆಲ್ ಮೆಸ್ಸಿನ ಓಣಿ ನೆನಪಿದೆಯಲ್ಲ, ಅದೇ ವಾಸನೆ.

ಟೊಮೆಟೊ ಎಲ್ಲಿ ಅಂತ ಕೇಳುತ್ತೀಯ. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಾನು ಮೊದಮೊದಲು ಸೂಪ್ ಮಾಡುವಾಗ ಈರುಳ್ಳಿ ಬಾಡಿದ ಕೂಡಲೇ ಟೊಮೆಟೊ ಹಾಕಿಬಿಡುತ್ತಿದ್ದೆ. ಸಾಗುವಿಗೆ, ಗೊಜ್ಜಿಗೆ ಎಲ್ಲ ಹಾಗೇ ತಾನೆ ಮಾಡುವುದು. ಒಂದು ದಿನ ಮೂರು ನಾಲ್ಕು ಹುಳಿ ಟೊಮೆಟೊ ಬಿದ್ದಿದ್ದವು. ನಲವತ್ತು ನಿಮಿಷ ಕುದಿಸಿದೆ, ಐವತ್ತು ಆಯಿತು. ಕ್ಯಾರೆಟ್ ಕಟುಮ್ ಅನ್ನುತ್ತಲೇ ಇದೆ, ಆಲೂಗಡ್ಡೆಯ ಮೇಲ್ಮೈ ಒಂದು ಪೊರೆ ಕಟ್ಟಿದ ಹಾಗೆ ಗಟ್ಟಿ. ಗ್ಯಾಸ್ ಸರಿ ಇಲ್ಲ ಅಂದುಕೊಂಡೆ, ತರಕಾರಿಯವನನ್ನು ಬೈದುಕೊಂಡೆ. ಕೊನೆಗೆ ಅಮ್ಮನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಮಾತು: "ಅಲ್ಲವೋ, ಹುಳಿ ಮಾಡುವಾಗ ಹೋಳು ಬೇಯುವ ಮೊದಲೇ ಹುಣಸೆಹಣ್ಣು ಹಾಕುತ್ತೀಯೇನೋ?"

ಅಷ್ಟೇ ವಿಷಯ. ನುಗ್ಗೆಕಾಯಿ ಆಗಲಿ ಬದನೆಕಾಯಿ ಆಗಲಿ, ಹೋಳು ಬೆಂದ ಮೇಲೆ ಹುಳಿ ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ತರಕಾರಿಯ ಕಣಕಣವನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬಿಸಿ ನೀರಿನಲ್ಲಿ ಅದು ಕರಗಿದರೆ ಹೋಳು ಮೆತ್ತಗಾಗುತ್ತದೆ. ನೀರು ಹುಳಿಯಾದರೆ ಆ ಅಂಟು ಕರಗುವುದು ತುಂಬಾ ನಿಧಾನ. ಹುಣಸೆಹಣ್ಣಿನ ಬುದ್ಧಿಯೇ ಟೊಮೆಟೊಗೂ ಇದೆ, ಸ್ವಲ್ಪ ಕಡಿಮೆ ಅಷ್ಟೇ. ಸೂಪ್ ಬೇರೆ ಊರಿನ ಅಡುಗೆ ಅಂತ ನಮ್ಮ ಅಡುಗೆಮನೆಯ ಬುದ್ಧಿಯನ್ನು ಹೊರಗೇ ಬಿಟ್ಟು ಬಂದಿದ್ದೆ ನಾನು.

ಹಾಗಾಗಿ ಹದಿನೆಂಟು ಇಪ್ಪತ್ತು ನಿಮಿಷ ಆದ ಮೇಲೆ ಒಂದು ಆಲೂಗಡ್ಡೆ ಹೋಳು ತೆಗೆದು ಚಮಚದ ಬೆನ್ನಿನಿಂದ ಒತ್ತಿ ನೋಡು. ತಡೆಯಿಲ್ಲದೆ ಹಿಸುಕಿಹೋದರೆ ಮಾತ್ರ ಟೊಮೆಟೊ ಹಾಕು. ತಡೆದರೆ ಇನ್ನೂ ಐದು ನಿಮಿಷ ಕಾಯಿ. ಗಡಿಯಾರಕ್ಕಿಂತ ಈ ಹೋಳಿನ ಮಾತು ಕೇಳು. ಟೊಮೆಟೊ ತೀರಾ ಸಣ್ಣಗೆ ಹೆಚ್ಚಿದ್ದರೆ ಏಳೆಂಟು ನಿಮಿಷಕ್ಕೆ ಹಸಿವಾಸನೆ ಹೋಗುತ್ತದೆ. ಬೀನ್ಸಿನ ಹಸಿರು ಈ ಹುಳಿಗೆ ಸ್ವಲ್ಪ ಮಂಕಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಒಟ್ಟು ಇಪ್ಪತ್ತೈದರಿಂದ ಮೂವತ್ತು ನಿಮಿಷದ ಸಣ್ಣ ಕುದಿ.

ಗಟ್ಟಿ ಬೇಕೆಂದರೆ ಕಾರ್ನ್‌ಫ್ಲೋರ್ ಮುಟ್ಟಬೇಡ. ಹೋಟೆಲಿನ ಸೂಪ್ ಲೋಳೆಲೋಳೆಯಾಗಿ ನಾಲಿಗೆಗೆ ಅಂಟುವುದು ಅದರಿಂದಲೇ. ಐದಾರು ಆಲೂಗಡ್ಡೆ ಹೋಳನ್ನು ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ಹಿಸುಕಿ ಕಲಸಿದರೆ ಸಾಕು.

ಇನ್ನು ರುಚಿ ನೋಡುವುದು. ಉರಿ ಆರಿಸಿ, ಒಂದು ಸಣ್ಣ ಲೋಟಕ್ಕೆ ಹಾಕಿ, ಎರಡು ನಿಮಿಷ ಆರಲು ಬಿಡು. ಸುಡುಸುಡು ಇರುವಾಗ ನಾಲಿಗೆಗೆ ಉಪ್ಪು ಸರಿಯಾಗಿ ಗೊತ್ತಾಗುವುದಿಲ್ಲ. ಆಗ ಹಾಕಿದ್ದು ಊಟಕ್ಕೆ ಕೂತಾಗ ಜಾಸ್ತಿ ಆಗಿರುತ್ತದೆ. ಉಳಿದ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕು. ನನಗೆ ಎಲ್ಲ ಸೇರಿ ಒಂದೂವರೆ ಚಮಚದ ಹತ್ತಿರ ಬರುತ್ತದೆ, ಮೊದಲು ಹಾಕಿದ್ದೂ ಸೇರಿ. ಉಪ್ಪು ಸರಿ ಇದ್ದೂ ಏನೋ ಸಪ್ಪೆ ಅನ್ನಿಸಿದರೆ ಇನ್ನೂ ಉಪ್ಪು ಹಾಕಬೇಡ, ನಾಲ್ಕು ಹನಿ ನಿಂಬೆರಸ ಹಿಂಡು. ಟೊಮೆಟೊ ಹುಳಿ ಹೆಚ್ಚಾಗಿದ್ದರೆ ನಿಂಬೆ ಬಿಟ್ಟು ಒಂದು ಚೂರು ಸಕ್ಕರೆ. ಕಾಳುಮೆಣಸು ತರಿತರಿಯಾಗಿ ಆಗಲೇ ಕುಟ್ಟಿ, ಬಟ್ಟಲಿಗೆ ಬಡಿಸಿದ ಮೇಲೆ ಉದುರಿಸು. ಜೊತೆಗೆ ಕುದಿಸಿದರೆ ಘಮ ಹಬೆಯಲ್ಲಿ ಹೋಗಿ ಖಾರ ಮಾತ್ರ ಉಳಿಯುತ್ತದೆ.

ಉಪ್ಪು ಕೈಮೀರಿದರೆ ಹಸಿ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನಂಬಿ ಕೆಟ್ಟಿದ್ದೇನೆ. ಅದು ಉಪ್ಪುನೀರನ್ನು ಕುಡಿಯುತ್ತದೆಯೇ ಹೊರತು ಉಪ್ಪನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಒಂದು ಲೋಟ ಬಿಸಿನೀರು ಬೆರೆಸುವುದೇ ದಾರಿ.

ಉಳಿದಿದ್ದನ್ನು ಆರಿದ ಮೇಲೆ ಫ್ರಿಜ್ಜಿನಲ್ಲಿಡು. ಮಾರನೇ ದಿನ ಗಟ್ಟಿಯಾಗಿರುತ್ತದೆ. ಅರ್ಧ ಲೋಟ ನೀರು ಹಾಕಿ ಚೆನ್ನಾಗಿ ಕುದಿಸಿ, ಉಪ್ಪು ಮತ್ತೆ ನೋಡು. ನನಗಂತೂ ಮೊದಲ ದಿನದ್ದಕ್ಕಿಂತ ಅದೇ ಇಷ್ಟ.

ಈ ಭಾನುವಾರ ಮಾಡುತ್ತೀಯಾದರೆ, ಆಲೂಗಡ್ಡೆ ಒತ್ತಿ ನೋಡುವ ಹೊತ್ತಿಗೆ ಫೋನ್ ಮಾಡು. ಟೊಮೆಟೊ ಆಗಲೇ ಪಾತ್ರೆಯೊಳಗೆ ಇದ್ದರೆ ಮಾತ್ರ ಮಾಡಬೇಡ.

ಇಂತಿ ನಿನ್ನ
ಹಳೇ ರೂಮ್‌ಮೇಟ್