ತೀರಿದ ಸಾಲಕ್ಕೆ ಸುಸ್ತಿದಾರರ ಪಟ್ಟ

ಮಾನ್ಯರೇ,

ಟ್ರ್ಯಾಕ್ಟರ್ ಸಾಲ ಪೂರ್ತಿ ಕಟ್ಟಿ ಬೇಬಾಕಿ ಪತ್ರ ಪಡೆದ ಮೇಲೂ ಸಿಬಿಲ್ ವರದಿಯಲ್ಲಿ ‘ಸುಸ್ತಿ’ ಎಂದೇ ಉಳಿದು, ಹೊಸ ಬೆಳೆಸಾಲ ಸಿಗದೆ ಪರದಾಡುವ ರೈತರು ಸಿಂಧನೂರು ಭಾಗದಲ್ಲಿದ್ದಾರೆ. ‘ನನ್ನ ವರದಿ ಸರಿಪಡಿಸಿ’ ಎಂದಷ್ಟೇ ಬರೆದರೆ ಕೆಲಸ ಆಗದು.

ಮೊದಲು ಪೂರ್ಣ ವರದಿ ತೆಗೆಸಿ; ವರ್ಷಕ್ಕೊಂದು ಉಚಿತ. ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಬ್ಯೂರೋಗೆ ಬರೆಯುವ ಪತ್ರದಲ್ಲಿ ವರದಿಯ ಕಂಟ್ರೋಲ್ ನಂಬರ್, ಸಾಲದ ಖಾತೆ ಸಂಖ್ಯೆ ಮತ್ತು ಯಾವ ಕಾಲಂ ತಪ್ಪಾಗಿದೆ ಎಂಬುದನ್ನು ಬರೆಯಬೇಕು. ಉದಾಹರಣೆಗೆ: ‘ಓವರ್‌ಡ್ಯೂ 42,000 ರೂ. ಎಂದಿದೆ, ಸೊನ್ನೆ ಆಗಬೇಕು. ಖಾತೆ ಮುಕ್ತಾಯದ ದಿನಾಂಕ ಖಾಲಿ ಇದೆ, ತುಂಬಬೇಕು.’ ಜೊತೆಗೆ ಬೇಬಾಕಿ ಪತ್ರ ಹಾಗೂ ಕೊನೆಯ ಕಂತು ಜಮೆಯಾದ ಸ್ಟೇಟ್‌ಮೆಂಟ್ ಲಗತ್ತಿಸಿ.

ಸಾಲ ಕೊಟ್ಟವರು ಒಪ್ಪದೆ ಬ್ಯೂರೋ ಒಂದಂಕಿಯನ್ನೂ ತಿದ್ದದು. ಹಾಗಾಗಿ ಅದೇ ಪತ್ರವನ್ನು ಬ್ಯಾಂಕಿಗೂ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ದೇಶದಲ್ಲಿ ನಾಲ್ಕು ಬ್ಯೂರೋಗಳಿವೆ; ಸಿಬಿಲ್‌ನಲ್ಲಿ ಸರಿಯಾದದ್ದು ಉಳಿದ ಮೂರರಲ್ಲಿ ಹಾಗೇ ಇರಬಹುದು, ನೋಡಿಕೊಳ್ಳಿ.

ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶಾಖೆಗಳಲ್ಲಿ ಇದನ್ನು ತಾವಾಗಿ ಹೇಳುವವರು ಅಪರೂಪ! ಆಮೇಲೂ ಆಗದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರಬಹುದು.

ಒಂದು ಮಾತು: ರಿಯಾಯಿತಿ ಪಡೆದು ಒಂದೇ ಕಂತಿನಲ್ಲಿ ತೀರಿಸಿದ ಸಾಲಕ್ಕೆ ‘ಸೆಟಲ್ಡ್’ ಎಂದೇ ಬರುತ್ತದೆ. ಅದು ತಪ್ಪು ನಮೂದಲ್ಲ. ನಿಜವಾಗಿ ತಡವಾದ ಕಂತುಗಳ ದಾಖಲೆಯನ್ನೂ ಅಳಿಸುವುದಿಲ್ಲ.

– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ