ಪಂದ್ಯದ ದಿನದ ಬಾಟಲಿ, ಪಂದ್ಯದ ದಿನದ ಡಬ್ಬಿ

ಪ್ರೀತಿಯ ಗೆಳೆಯಾ,

ಶನಿವಾರ ಸಂಜೆ ನೀನು ಫೋನಿನಲ್ಲಿ ಕೇಳಿದ್ದೆ: "ನನ್ನ ಮಗನಿಗೆ ದಮ್ಮು ಸಾಲದೇನೋ? ಮುಂದಿನ ಸಲ ಇನ್ನಷ್ಟು ಗ್ಲೂಕೋಸ್ ಕೊಟ್ಟು ಕಳಿಸಲಾ?" ಆಗ ನಾನು ಮಕ್ಕಳ ಜೆರ್ಸಿ ಎಣಿಸುತ್ತಿದ್ದೆ. "ಬೇಡ, ಆಮೇಲೆ ಹೇಳ್ತೀನಿ" ಅಂದು ಫೋನ್ ಇಟ್ಟುಬಿಟ್ಟೆ. ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಬೈಯಬೇಡ. ಓದಿ ಮುಗಿದ ಮೇಲೆ ತಂಡದ ಉಳಿದ ಅಪ್ಪ ಅಮ್ಮಂದಿರಿಗೂ ಕಳಿಸು. ಅವರಿಗೆ ಅಂತಲೇ ಬೇರೆ ಬರೆಯಲು ಕೂತರೆ ನಾನು ಸುತ್ತೋಲೆಯ ಭಾಷೆಗೆ ಇಳಿದುಬಿಡುತ್ತೇನೆ, ಸುತ್ತೋಲೆಯನ್ನು ಯಾರೂ ಓದುವುದಿಲ್ಲ.

ನಿನ್ನ ಮಗನ ದಮ್ಮಿಗೆ ಏನೂ ಆಗಿಲ್ಲ. ಅಭ್ಯಾಸದ ದಿನ ಅವನು ಎಲ್ಲರಿಗಿಂತ ಒಂದು ಸುತ್ತು ಜಾಸ್ತಿಯೇ ಓಡುತ್ತಾನೆ. ಶನಿವಾರ ಪಂದ್ಯ ಶುರುವಾಗಿದ್ದು 10:30ಕ್ಕೆ. ಹನ್ನೆರಡನೇ ನಿಮಿಷಕ್ಕೆ ಹುಡುಗ ಬಲಪಕ್ಕೆ ಹಿಡಿದುಕೊಂಡು ನಿಂತ. ಆಮೇಲೆ ಬಗ್ಗಿದ. ಮುಖ ಬಿಳಿಚಿಕೊಂಡಿತ್ತು. ಹೊರಗೆ ಕರೆಸಿ ಕೂರಿಸಿದರೆ ಜೋರಾಗಿ ತೇಗು ಬಂತು, ಜೊತೆಗೆ ಹೊಟ್ಟೆ ತೊಳಸುತ್ತಿದೆ ಅಂದ. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದೆ. "ಗಾಬರಿಗೆ ಏನೂ ಸೇರಲಿಲ್ಲ ಸರ್" ಅಂದ. ಬ್ಯಾಗಿನಲ್ಲಿ ಮಾತ್ರ ಅರ್ಧ ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ ಪೂರ್ತಿ ಖಾಲಿಯಾಗಿತ್ತು. ಪಕ್ಕದಲ್ಲೇ ಕರಿದ ತಿಂಡಿಯ ಪೊಟ್ಟಣ, ಅದೂ ಮುಕ್ಕಾಲು ಮುಗಿದಿತ್ತು. ಎರಡನ್ನೂ ಬರುವಾಗ ವ್ಯಾನಿನಲ್ಲಿ, ಸುಮಾರು 9:50ಕ್ಕೆ ಮುಗಿಸಿದ್ದನಂತೆ.

ಆ ಬಾಟಲಿ ಇನ್ನೂ ನನ್ನ ಮೇಜಿನ ಮೇಲಿದೆ. ಲೇಬಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ "ಒಂದು ಸರ್ವಿಂಗ್‌ಗೆ ಸಕ್ಕರೆ 21 ಗ್ರಾಂ" ಅಂತಿದೆ. ಓದಿದವರಿಗೆ ಪರವಾಗಿಲ್ಲ ಅನಿಸುತ್ತದೆ. ಆದರೆ ಅವರ ಲೆಕ್ಕದಲ್ಲಿ ಒಂದು ಸರ್ವಿಂಗ್ ಅಂದರೆ 200 ಮಿ.ಲೀ. ಅರ್ಧ ಲೀಟರ್ ಬಾಟಲಿ ತೆರೆದು 200ಕ್ಕೆ ನಿಲ್ಲಿಸುವ ಹುಡುಗನನ್ನು ನಾನಂತೂ ನೋಡಿಲ್ಲ. ನೀನು ಲೇಬಲ್ ನೋಡುವಾಗ ಆ ಸಾಲನ್ನು ಬಿಟ್ಟು, 100 ಮಿ.ಲೀ.ಗೆ ಎಷ್ಟು ಅನ್ನುವ ಸಾಲು ನೋಡು. ಇದರಲ್ಲಿ 10.6 ಗ್ರಾಂ ಇತ್ತು. ಐದರಿಂದ ಗುಣಿಸಿದರೆ 53 ಗ್ರಾಂ. ಒಂದು ಟೀ ಚಮಚಕ್ಕೆ 4 ಗ್ರಾಂ ಅಂದುಕೊಂಡರೆ 13 ಚಮಚ.

ಸೋಮವಾರ ಹುಡುಗರ ಮುಂದೆಯೇ ಅರ್ಧ ಲೀಟರ್ ನೀರಿಗೆ 13 ಚಮಚ ಸಕ್ಕರೆ ಹಾಕಿಸಿದೆ. ಅವರೇ ಎಣಿಸಿ ಹಾಕಿದರು. ಎಂಟನೇ ಚಮಚಕ್ಕೆ ನಗು ನಿಂತಿತು. ಕಲಕಿ ಕಲಕಿ ಕರಗಿಸಿ, ಯಾರಾದರೂ ಕುಡಿಯಿರಿ ಅಂದೆ. ಒಬ್ಬ ಒಂದು ಗುಟುಕು ಕುಡಿದು ಮುಖ ಕಿವುಚಿ ಲೋಟ ಕೆಳಗಿಟ್ಟ. ಬಾಟಲಿಯಲ್ಲಿ ಅಷ್ಟೇ ಸಕ್ಕರೆ ಇದ್ದರೂ ಹೇಗೆ ಒಳಗೆ ಹೋಗುತ್ತದೆ ಅಂದರೆ, ಅದರಲ್ಲಿ ಹುಳಿ ಇರುತ್ತದೆ, ಗ್ಯಾಸ್ ಇರುತ್ತದೆ, ಮೇಲಾಗಿ ತಣ್ಣಗಿರುತ್ತದೆ. ಮೂರೂ ಸೇರಿ ಸಿಹಿಯನ್ನು ಮುಚ್ಚಿಡುತ್ತವೆ. ನಾಲಿಗೆಗೆ ಗೊತ್ತಾಗುವುದಿಲ್ಲ, ಹೊಟ್ಟೆಗೆ ಗೊತ್ತಾಗುತ್ತದೆ.

ಹೊಟ್ಟೆಯಲ್ಲಿ ಆಗುವುದೇನು ಅಂತ ಹೇಳುತ್ತೇನೆ, ಇಡೀ ಪತ್ರದ ತಿರುಳು ಅದೇ. ಜಠರ ತನ್ನೊಳಗಿನದನ್ನು ಒಮ್ಮೆಲೇ ಕರುಳಿಗೆ ಸುರಿಯುವುದಿಲ್ಲ, ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಬರೀ ನೀರಾದರೆ ಬೇಗ ಬಿಡುತ್ತದೆ. ಸಕ್ಕರೆ ಜಾಸ್ತಿಯಾದಷ್ಟೂ ತಡಮಾಡುತ್ತದೆ. 100 ಮಿ.ಲೀ.ಗೆ 6ರಿಂದ 8 ಗ್ರಾಂ ತನಕ ಹೇಗೋ ನಡೆಯುತ್ತದೆ, ಆಟಗಾರರ ಪಾನೀಯಗಳನ್ನು ಆ ಅಳತೆಯಲ್ಲೇ ಮಾಡುವುದು. ಅದಕ್ಕಿಂತ ಗಟ್ಟಿಯಾದರೆ ಕುಡಿದದ್ದು ಹೊಟ್ಟೆಯಲ್ಲೇ ಗುಳುಗುಳು ಅನ್ನುತ್ತಾ ನಿಲ್ಲುತ್ತದೆ. ಕರುಳಿಗೆ ಇಳಿದ ಮೇಲೂ ಅದು ರಕ್ತಕ್ಕಿಂತ ಗಟ್ಟಿ. ಅದನ್ನು ತೆಳು ಮಾಡಲು ದೇಹ ತನ್ನ ನೀರನ್ನೇ ಸ್ವಲ್ಪ ಹೊತ್ತು ಕರುಳಿಗೆ ಕಳಿಸುತ್ತದೆ. ಬಾಯಾರಿಕೆಗೆ ಅಂತ ಕುಡಿದದ್ದೇ ಮೈಯ ನೀರು ಕೇಳುತ್ತದೆ! ಇದರ ಮೇಲೆ ಓಟ ಬೇರೆ. ಓಡುವಾಗ ರಕ್ತ ಹೆಚ್ಚಾಗಿ ಕಾಲಿನ ಕಡೆ ಹೋಗುತ್ತದೆ, ಹೊಟ್ಟೆಯ ಕೆಲಸ ಇನ್ನೂ ನಿಧಾನವಾಗುತ್ತದೆ. ಪಕ್ಕೆ ಹಿಡಿಯುವುದು, ತೊಳಸುವುದು, ಕೆಲವರಿಗೆ ಆಟದ ಮಧ್ಯೆ ಶೌಚಕ್ಕೆ ಓಡಬೇಕಾಗುವುದು, ಎಲ್ಲಕ್ಕೂ ಇದು ಕಾರಣವಾಗಬಹುದು. ಹಣ್ಣಿನ ರಸವೂ ಇದಕ್ಕೆ ಹೊರತಲ್ಲ. ಡಬ್ಬದ ಜ್ಯೂಸಿನಲ್ಲೂ 100 ಮಿ.ಲೀ.ಗೆ 10ರಿಂದ 12 ಗ್ರಾಂ ಸಕ್ಕರೆ ಇರುತ್ತದೆ.

ಇಷ್ಟೆಲ್ಲ ಜೋರಾಗಿ ಹೇಳುವ ನಾನೇ ಒಮ್ಮೆ ಇಡೀ ತಂಡವನ್ನು ಮಲಗಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಮಕ್ಕಳಿಗೆ ಶಕ್ತಿ ಬರಲಿ ಅಂತ ನಾಲ್ಕು ಲೀಟರ್ ನೀರಿಗೆ ಅರ್ಧ ಕೆ.ಜಿ. ಗ್ಲೂಕೋಸ್ ಪೊಟ್ಟಣ ಪೂರ್ತಿ ಸುರಿದು, ಪಂದ್ಯಕ್ಕೆ ಮುಂಚೆ ಒಬ್ಬೊಬ್ಬರಿಗೂ ದೊಡ್ಡ ಲೋಟ ಕೊಟ್ಟೆ. ಅರ್ಧ ಆಟ ಮುಗಿಯುವುದರೊಳಗೆ ಇಬ್ಬರು ವಾಂತಿ ಮಾಡಿಕೊಂಡರು, ಮೂವರು ಪಕ್ಕೆ ಹಿಡಿದುಕೊಂಡು ನಡೆಯುತ್ತಿದ್ದರು. ಬಿಸಿಲಿನ ಮೇಲೆ ಹೇಳಿ ತಪ್ಪಿಸಿಕೊಂಡೆ. ಎಷ್ಟೋ ದಿನದ ಮೇಲೆ ಲೆಕ್ಕ ಹಾಕಿ ನೋಡಿದರೆ 100 ಮಿ.ಲೀ.ಗೆ 12.5 ಗ್ರಾಂ. ಕೂಲ್‌ಡ್ರಿಂಕ್ಸಿಗಿಂತ ಗಟ್ಟಿ. ನೀನು "ಇನ್ನಷ್ಟು ಗ್ಲೂಕೋಸ್" ಅಂದಾಗ ನನಗೆ ಆ ಮಕ್ಕಳ ಮುಖ ನೆನಪಾಯಿತು.

ಹಾಗಂತ ಸಕ್ಕರೆ ವಿಷ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಅನ್ನುವುದೂ ಬರೀ ನಂಬಿಕೆ, ಪರೀಕ್ಷೆ ಮಾಡಿ ನೋಡಿದಾಗ ಅದು ನಿಂತಿಲ್ಲ. ಆಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಸಿಹಿ ಕುಡಿದರೆ ಕೆಲವರಿಗೆ ಆಟ ಶುರುವಾದ ಹೊಸತರಲ್ಲಿ ರಕ್ತದ ಸಕ್ಕರೆ ಇಳಿದು ಕೈಕಾಲು ಸೋತಂತಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಹೆಚ್ಚಿನ ಮಕ್ಕಳಿಗೆ ತೊಂದರೆ ಆಗುವುದು ಎಷ್ಟು ಗಟ್ಟಿ, ಎಷ್ಟು ಹೊತ್ತಿನ ಮುಂಚೆ, ಈ ಎರಡರಿಂದ. ಪಂದ್ಯ ಮುಗಿದು, ಕೈಕಾಲು ತೊಳೆದು, ಗೆಳೆಯರ ಜೊತೆ ಅವನೊಂದು ಸಣ್ಣ ಬಾಟಲಿ ಕುಡಿದರೆ ನನ್ನ ಜಗಳವಿಲ್ಲ.

ಒಂದಕ್ಕೆ ಮಾತ್ರ ಜಗಳ ಆಡುತ್ತೇನೆ. ಎನರ್ಜಿ ಡ್ರಿಂಕ್ ಅಂತ ಬರುತ್ತದಲ್ಲ, ಸಣ್ಣ ಡಬ್ಬ. 250 ಮಿ.ಲೀ.ಯಲ್ಲಿ ಸಕ್ಕರೆಯ ಜೊತೆಗೆ ಸಾಮಾನ್ಯವಾಗಿ 70ರಿಂದ 80 ಮಿ.ಗ್ರಾಂ ಕೆಫೀನ್ ಇರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲೇ ಇದು ಮಕ್ಕಳಿಗೆ ಬೇಡವೇ ಬೇಡ ಅಂದಿದೆ. ಯಾರ ಬ್ಯಾಗಿನಲ್ಲಿ ಸಿಕ್ಕರೂ ನಾನು ಎತ್ತಿಟ್ಟುಕೊಳ್ಳುತ್ತೇನೆ.

ಇನ್ನು, ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಮಾತೇ ಬೇರೆ. ಆ ಮಗುವಿನ ಹತ್ತಿರ ಸಿಹಿ ಪಾನೀಯ ಇರಲೇಬೇಕು, ಎಲ್ಲಿಟ್ಟಿದೆ ಅಂತ ನನಗೂ ಗೊತ್ತಿರಬೇಕು. ಈ ಪತ್ರ ಓದಿ ಆ ಬಾಟಲಿಯನ್ನು ಯಾರೂ ತೆಗೆಯಬೇಡಿ.

ಸರಿ, ಹಾಗಾದರೆ ಶನಿವಾರ ಏನು ಮಾಡಬಹುದಿತ್ತು? ಅದೇ 10:30ರ ಪಂದ್ಯ ಇಟ್ಟುಕೊಂಡೇ ನೋಡೋಣ. ಹೊಟ್ಟೆ ತುಂಬುವ ಊಟ 7 ಗಂಟೆಯ ಹೊತ್ತಿಗೆ ಮುಗಿಯಬೇಕು, ಮೂರೂವರೆ ಗಂಟೆ ಸಿಗುತ್ತದೆ. ಮನೆಯಲ್ಲಿ ದಿನಾ ತಿನ್ನುವುದೇ ಆಗಬಹುದು, ಎಣ್ಣೆ ಮಾತ್ರ ಕಮ್ಮಿ ಇರಲಿ. ಕರಿದದ್ದು ಹೊಟ್ಟೆ ಬಿಟ್ಟು ಇಳಿಯಲು ಬಹಳ ಹೊತ್ತು ಬೇಕು. 9:50ಕ್ಕೆ ತಿಂದ ಪೊಟ್ಟಣ ಪಂದ್ಯ ಮುಗಿದ ಮೇಲೂ ಅಲ್ಲೇ ಕೂತಿರುತ್ತದೆ. ಗಾಬರಿಗೆ ಊಟ ಸೇರದ ಹುಡುಗ ನಿನ್ನ ಮಗನೊಬ್ಬನೇ ಅಲ್ಲ, ತಂಡದಲ್ಲಿ ಅಂಥವರು ನಾಲ್ವರಿದ್ದಾರೆ. ಅವರನ್ನು ಬಲವಂತ ಮಾಡಬೇಡಿ. ಹಿಂದಿನ ರಾತ್ರಿ ಚೆನ್ನಾಗಿ ಉಂಡಿರಲಿ, ಬೆಳಿಗ್ಗೆ ಸೇರಿದಷ್ಟು ಸೇರಲಿ. ಆಮೇಲೆ 9:15, 9:30ರ ಹೊತ್ತಿಗೆ ಒಂದು ಬಾಳೆಹಣ್ಣು, ಒಂದು ತುಂಡು ಬ್ರೆಡ್. 40 ಕೆ.ಜಿ. ಹುಡುಗನಿಗೆ ಒಂದು ಗಂಟೆ ಮುಂಚೆ 40 ಗ್ರಾಂ ಕಾರ್ಬೋಹೈಡ್ರೇಟ್ ಸಾಕು, ಇವೆರಡರಲ್ಲಿ ಹೆಚ್ಚುಕಮ್ಮಿ ಅಷ್ಟು ಸಿಗುತ್ತದೆ. ಆಟದ ದಿನ ಹೊಸ ತಿಂಡಿ ಏನೂ ಬೇಡ. ಪ್ರಯೋಗ ಮಾಡುವುದಿದ್ದರೆ ಅಭ್ಯಾಸದ ದಿನ ಮಾಡಿ.

ಕುಡಿಯಲು ನೀರು. ಊಟದ ಜೊತೆ ಒಂದು ದೊಡ್ಡ ಲೋಟ, ಆಮೇಲೆ ಆಗಾಗ ಗುಟುಕು. ಆಟದ ನಡುವೆ 20 ನಿಮಿಷಕ್ಕೊಮ್ಮೆ ನಾನೇ ಅರ್ಧ ಲೋಟ, ಮುಕ್ಕಾಲು ಲೋಟ ಕುಡಿಸುತ್ತೇನೆ. ಸಾಕಷ್ಟು ಕುಡಿದಿದ್ದಾನಾ ಅಂತ ತಿಳಿಯಲು ಸುಲಭದ ದಾರಿ ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ಸಾಲದು. ಮಕ್ಕಳಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು, ಆದರೆ ಮರೆತಿಲ್ಲ. ಸಪ್ಪೆ ನೀರು ಇಳಿಯುವುದೇ ಇಲ್ಲ ಅನ್ನುವವನಿಗೆ ಒಂದು ಭಾಗ ಜ್ಯೂಸಿಗೆ ಒಂದು ಭಾಗ ನೀರು ಬೆರೆಸಿ ಕೊಡು. ಆಗ ಗಟ್ಟಿತನ ಐದಾರು ಗ್ರಾಮಿಗೆ ಇಳಿಯುತ್ತದೆ, ಹೊಟ್ಟೆ ಒಪ್ಪಿಕೊಳ್ಳುತ್ತದೆ.

ಮುಂದಿನ ಶನಿವಾರ ಎರಡು ಪಂದ್ಯಗಳಿವೆ, ನಡುವೆ ಎರಡು ಗಂಟೆ ಬಿಡುವು. ಆವತ್ತು ಡಬ್ಬಿ ಬೇಕೇ ಬೇಕು. ಹೋದ ಸಲ ಒಂದು ಡಬ್ಬಿ ತೆರೆದಾಗ ಅನ್ನ ಹುಳಿ ವಾಸನೆ ಹೊಡೆಯುತ್ತಿತ್ತು, ಮುಚ್ಚಳದ ತುಂಬಾ ನೀರಿನ ಹನಿ. ಪಾಪ, ಬೆಳಿಗ್ಗೆ 6ಕ್ಕೆ ಹೊಗೆಯಾಡುವ ಅನ್ನವನ್ನು ಹಾಗೇ ಅಮುಕಿ ಮುಚ್ಚಿದ್ದರು. ಅನ್ನ ಬಿಸಿಯೂ ಅಲ್ಲದೆ ತಣ್ಣಗೂ ಇಲ್ಲದೆ ಗಂಟೆಗಟ್ಟಲೆ ಕೂತರೆ ಅದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಸನೆ ಬರದಿದ್ದರೂ ವಿಷ ಇರಬಹುದು, ಹಾಗಾಗಿ ಮೂಗನ್ನು ನಂಬಬೇಡ. ಅನ್ನವನ್ನು ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ. ರಾತ್ರಿಯೇ ಒಂದು ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿಸಬೇಡಿ, ಒಡೆಯುತ್ತದೆ. ಬೆಳಿಗ್ಗೆ ಡಬ್ಬಿ ಮತ್ತು ಆ ಬಾಟಲಿ ಎರಡನ್ನೂ ಒಂದೇ ದಪ್ಪ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಮಧ್ಯಾಹ್ನಕ್ಕೆ ಡಬ್ಬಿ ತಣ್ಣಗಿರುತ್ತದೆ, ಕರಗಿದ ನೀರು ಕುಡಿಯಲೂ ಆಗುತ್ತದೆ. ಇದೆಲ್ಲ ರಗಳೆ ಅನಿಸಿದರೆ ಅನ್ನ ಬಿಡಿ. ಬ್ರೆಡ್, ಬಾಳೆಹಣ್ಣು, ಒಂದು ಹಿಡಿ ಒಣದ್ರಾಕ್ಷಿ ಹಾಕಿ ಕಳಿಸಿ. ಅವು ಅಷ್ಟು ಬೇಗ ಕೆಡುವುದಿಲ್ಲ. ಮೊದಲ ಪಂದ್ಯ ಮುಗಿದ ಹತ್ತು ನಿಮಿಷದಲ್ಲೇ ತಿನ್ನಿಸುತ್ತೇನೆ, ಎರಡನೆಯದಕ್ಕೆ ಮುಂಚೆ ಹೊಟ್ಟೆ ಹಗುರವಾಗಲಿ ಅಂತ.

ಮಗನಿಗೆ ಬೈಯಬೇಡ. ಬಾಟಲಿ ಹಾಕಿ ಕಳಿಸಿದ್ದು ಯಾರು ಅಂತ ನಾನು ಕೇಳಿಲ್ಲ, ನೀನೂ ಹೇಳಬೇಡ.

ನಿನ್ನ,
ಆಟದ ಮೇಷ್ಟ್ರು

ಮರೆತಿದ್ದೆ, ಅವನ ಒಂದು ಕಾಲುಚೀಲ ನನ್ನ ಹತ್ತಿರ ಇದೆ. ಎಡಗಾಲಿನದೋ ಬಲಗಾಲಿನದೋ ಗೊತ್ತಾಗದಷ್ಟು ಕೆಸರಾಗಿದೆ.