ಹೆಬ್ಬೆಟ್ಟು ಒತ್ತಿದವನ ಪತ್ರ

ಪ್ರೀತಿಯ ಮಾರಾಯ,

ನಿನ್ನ ನಂಬರ್ ನನ್ನ ಹತ್ತಿರ ಇದೆ. ಆದರೂ ವಾಟ್ಸಾಪ್ ಬಿಟ್ಟು ಹೀಗೆ ನಾಲ್ಕು ಜನರ ಮುಂದೆ ಬರೀತಿದೀನಿ. ಯಾಕೆ ಅಂತ ಮುಂದೆ ನಿನಗೇ ಗೊತ್ತಾಗುತ್ತೆ. ಓದೋ ಉಳಿದವರಿಗೆ ಇಷ್ಟು ಸಾಕು: ಇವನು ಹುಬ್ಬಳ್ಳಿ, ನಾನು ಮೈಸೂರು, ಆಫೀಸು ಬೆಂಗಳೂರು. ಮೂರು ವರ್ಷ ಒಂದೇ ಟೀಮಿನಲ್ಲಿದ್ವಿ. ಇವನು ಎಷ್ಟು ಎತ್ತರ ಇದಾನೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಶುಕ್ರವಾರದ ನಿನ್ನ ಬೀಳ್ಕೊಡುಗೆ ಮೊದಲಿಂದಲೇ ಕೆಟ್ಟಿತು. ಸೋಮವಾರ ಬರಬೇಕಿದ್ದ ಕೊರಿಯರ್‌ನವನು ಅವತ್ತೇ ನಾಲ್ಕು ಗಂಟೆಗೆ ಬಂದು ಲ್ಯಾಪ್‌ಟಾಪ್, ಚಾರ್ಜರ್ ಎಲ್ಲ ಡಬ್ಬಿಗೆ ತುಂಬಿಸಿಕೊಂಡು ಹೋದ. ಐದೂವರೆಗೆ ನೀನು ಫೋನಿನಿಂದ ಬಂದೆ. ನಮಗೆ ಕಂಡಿದ್ದು ನಿನ್ನ ಹಣೆ, ಅದರ ಮೇಲೆ ತಿರುಗೋ ಫ್ಯಾನು. ಹದಿನಾಲ್ಕು ಜನ ಸೇರಿದ್ವಿ. ಬಾಸ್ ಎರಡು ನಿಮಿಷ ಮಾತಾಡಿ "ಯಾರಾದರೂ ಏನಾದರೂ ಹೇಳ್ತೀರಾ?" ಅಂದರು. ಇಬ್ಬರು ಒಟ್ಟಿಗೆ ಶುರು ಮಾಡಿದರು, ಇಬ್ಬರೂ ನಿಲ್ಲಿಸಿದರು, "ನೀವು ಹೇಳಿ", "ಇಲ್ಲ ಇಲ್ಲ, ನೀವೇ" ಅಂತ ಇಬ್ಬರೂ ಹೇಳದೆ ಉಳಿದರು. ದನಿ ಒಂದರೆಕ್ಷಣ ತಡವಾಗಿ ತಲುಪುತ್ತಲ್ಲ, ಅದರ ಕರ್ಮ ಇದು. ಕ್ಯಾಂಟೀನಿನಲ್ಲಾಗಿದ್ದರೆ ಮೂಲೆಯಲ್ಲಿ ಮೂರು ಮಾತು ಒಟ್ಟೊಟ್ಟಿಗೆ ನಡೆಯುತ್ತಿದ್ದವು. ಇಲ್ಲಿ ಒಬ್ಬ ಬಾಯಿ ತೆರೆದರೆ ಹದಿಮೂರು ಜನ ಸಭಿಕರು.

ಆಮೇಲೆ ಚಪ್ಪಾಳೆ. ಅರ್ಧ ಜನ ಮ್ಯೂಟ್‌ನಲ್ಲಿದ್ದರು, ಮ್ಯೂಟ್ ತೆಗೆದವರದ್ದೂ ಕೇಳಲಿಲ್ಲ. ಹಿನ್ನೆಲೆ ಸದ್ದು ಅಡಗಿಸೋ ವ್ಯವಸ್ಥೆ ಮನುಷ್ಯರ ಮಾತನ್ನು ಮಾತ್ರ ಬಿಟ್ಟು, ಕೀಬೋರ್ಡಿನ ಟಕಟಕ, ಕುಕ್ಕರ್ ವಿಷಲ್ಲು ಎಲ್ಲ ಗದ್ದಲ ಅಂತ ಒರೆಸಿಹಾಕುತ್ತೆ. ಚಪ್ಪಾಳೆಯೂ ಅದರ ಲೆಕ್ಕದಲ್ಲಿ ಗದ್ದಲವೇ. ಪುಟ್ಟ ಪುಟ್ಟ ಚೌಕಗಳಲ್ಲಿ ಕೈಗಳು ಸದ್ದಿಲ್ಲದೆ ಬಡಿದುಕೊಳ್ತಿದ್ದವು. ನಿನಗೆ ಫೋನಿನಲ್ಲಿ ಅದೂ ಸರಿಯಾಗಿ ಕಾಣಿಸಿರಲಿಕ್ಕಿಲ್ಲ.

ನಾನು ಮ್ಯೂಟ್ ತೆಗೀಲೇ ಇಲ್ಲ. ಎಲ್ಲ ಇಂಗ್ಲಿಷಿನಲ್ಲಿ ನಡೀತಿತ್ತು, ನಿನ್ನ ಜೊತೆ ನಾನು ಯಾವತ್ತು ಇಂಗ್ಲಿಷ್ ಆಡಿದ್ದೆ ಹೇಳು? ಚಾಟ್‌ನಲ್ಲಿ ಬರೆದರಾಯ್ತು ಅಂದುಕೊಂಡೆ. ಕಾಲ್ ಮುಗಿದ ಮೇಲೆ ಚಹಾ ಮಾಡಿಕೊಂಡು ಬಂದು ಕೂತು, ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಆ ಮೂರನೇ ತೆಂಗಿನಕಾಯಿ ವಿಷಯದಿಂದ ಶುರು ಮಾಡಿ ಉದ್ದಕ್ಕೆ ಟೈಪ್ ಮಾಡ್ತಾ ಇದ್ದೆ. ಆರು ಗಂಟೆಗೆ ಐಟಿಯವರು ನಿನ್ನ ಖಾತೆ ಮುಚ್ಚಿದರು. ಹಳೇ ಮಾತೆಲ್ಲ ಹಾಗೇ ಇದೆ, ಆದರೆ ಕಳಿಸೋಕೆ ಆಗಲ್ಲ. ಇನ್ನೊಂದು ಕೇಳು: ಎಲ್ಲರೂ ಸಹಿ ಹಾಕಿದ ಕಾರ್ಡು ಆರಕ್ಕೆ ಸರಿಯಾಗಿ ಹೊರಡೋ ಹಾಗೆ ಇಟ್ಟಿದ್ದರಂತೆ, ಅದೂ ನಿನ್ನ ಆಫೀಸ್ ಮೇಲ್‌ಗೆ. ನೀನು ಅದನ್ನ ನೋಡಲೇ ಇಲ್ಲ. ಏನೂ ನಷ್ಟ ಇಲ್ಲ ಬಿಡು, ನಾನು ಬರೆದಿದ್ದು "ಆಲ್ ದಿ ಬೆಸ್ಟ್, ಕೀಪ್ ಇನ್ ಟಚ್" ಅಂತ.

ಅವತ್ತು ರಾತ್ರಿ ನಮ್ಮ ಚಾಟ್ ಮೇಲಿಂದ ಕೆಳಗೆ ಓದಿದೆ. ಮೂರು ವರ್ಷದ್ದು. ಅದೀಗ ನಿನ್ನ ಹತ್ತಿರ ಇಲ್ಲ, ನನ್ನ ಹತ್ತಿರ ಮಾತ್ರ ಇದೆ. ನಾನೂ ಬಿಟ್ಟ ದಿನ ನಮ್ಮಿಬ್ಬರಿಗೂ ಇಲ್ಲ. ನಗೋಕೆ ಅಂತ ಓದಲು ಕೂತಿದ್ದೆ. ಹೋದ ವರ್ಷದ ಒಂದು ಮಂಗಳವಾರ, ಬೆಳಗ್ಗೆ 9.40ಕ್ಕೆ ನೀನು ಬರೆದಿದ್ದೆ: "ಅಪ್ಪಗ ಆರಾಮ ಇಲ್ಲೋ, ದವಾಖಾನಿಗೆ ಕರ್ಕೊಂಡು ಹೊಂಟೇನಿ." ಅದಕ್ಕೆ ನಾನು ಒಂದು ಹೆಬ್ಬೆಟ್ಟು ಒತ್ತಿದೀನಿ. 11.15ಕ್ಕೆ ಮತ್ತೆ ನಾನೇ: "ಆ ಕೋಡ್ ರಿವ್ಯೂ ಇವತ್ತು ಆಗುತ್ತಾ?" ನೀನು "ಆತು, ಮಾಡ್ತೇನಿ" ಅಂದು, ಆಸ್ಪತ್ರೆ ಬೆಂಚಿನ ಮೇಲೆ ಕೂತೋ ಏನೋ, ಮಾಡಿಯೂ ಕೊಟ್ಟಿದ್ದೀಯ.

ಆಮೇಲೆ ಅಪ್ಪ ಹೇಗಿದಾರೆ ಅಂತ ನಾನು ಎಲ್ಲಾದರೂ ಕೇಳಿರಬೇಕು ಅಂತ ಹುಡುಕಿದೆ. "ಅಪ್ಪ" ಅಂತ ಹಾಕಿ ಹುಡುಕಿದರೆ ಸಿಕ್ಕಿದ್ದು ಅದೊಂದೇ ಸಾಲು. ಬೆಳಗಿನ ಮೀಟಿಂಗ್‌ನಲ್ಲಿ ಬಾಯಿಮಾತಿಗೆ ಕೇಳಿದ್ದೆನಾ? ನೆನಪಿಲ್ಲ. ನಿನಗೆ ನೆನಪಿದ್ದರೆ ಹೇಳಬೇಡ. ಆರು ಗಂಟೆಗೆ ಖಾತೆ ಮುಚ್ಚಿದ್ದಕ್ಕೆ ಐಟಿಯವರನ್ನ ಬೈದೆನಲ್ಲ, ಮೂರು ವರ್ಷ ಅದು ತೆರೆದೇ ಇತ್ತು ಮಾರಾಯ.

ಇಷ್ಟೆಲ್ಲ ಬರೆಯೋ ಅಂದಾಜಿರಲಿಲ್ಲ. ಸೋಮವಾರದ ಉಪ್ಪಿಟ್ಟಿನ ಬಗ್ಗೆ ಎರಡು ಸಾಲು ಬರೆದು, ಲೈಕ್ ಗಿಟ್ಟಿಸಿಕೊಂಡು ಮಲಗೋಣ ಅಂತ ಕೂತವನು ನಾನು. ಬಿ.ಇ. ಮಾಡಿದವನೊಬ್ಬ ಹೆಬ್ಬೆಟ್ಟೇ ಆಗಿ ಉಳಿಯೋದು ಸುಲಭದ ಸಾಧನೆ ಅಲ್ಲ ಅಂತ ಈಗ ಹೆಮ್ಮೆ ಪಡ್ತಿದೀನಿ.

ನಾಲ್ಕೂವರೆಯ ಚಹಾ ಕಾಲ್ ನೀನೇ ಹಾಕಿಟ್ಟಿದ್ದಲ್ಲವಾ? ನೀನು ಹೋದರೂ ಅದು ಹೋಗಿಲ್ಲ, ದಿನಾ ಬಡ್ಕೊಳುತ್ತೆ. ನಿನ್ನೆ ಮರೆತು ಒಳಗೆ ಹೋದೆ. ನನ್ನ ಮುಖ ನಾನೇ ನೋಡಿಕೊಂಡು ಅರ್ಧ ಲೋಟ ಕುಡಿದೆ. ಕೂದಲು ತುಂಬಾ ಉದುರಿದೆ, ಯಾಕೆ ಹೇಳಲಿಲ್ಲ ನೀನು?

ಅಪ್ಪ ಹೇಗಿದಾರೋ? ವಾಟ್ಸಾಪ್‌ನಲ್ಲಿ ಹೇಳು.

ಇಂತಿ ನಿನ್ನ,
ಹೆಬ್ಬೆಟ್ಟು

(ತಾ.ಕ.: ಎತ್ತರ ಎಷ್ಟು ಅಂತಾನೂ ಬರೆ.)